ಚಿಕ್ಕಮ್ಮನ ಮೈಕ್ ಪ್ರಶ್ನೆಗೆ

"ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದ್ರೆ ಇಂಗ್ಲಿಷಲ್ಲಿ ಏನೇನೋ ಬರುತ್ತೆ ಕಣೋ. ಮತ್ತೆ ನನ್ನ ಬಿಪಿ ಮಾತ್ರೆಗೆ ಫೋನೇ ನೆನಪು ಮಾಡೋ ಹಾಗೆ ಮಾಡೋಕಾಗುತ್ತಾ?"

ಚಿಕ್ಕಮ್ಮ, ವಾಟ್ಸಾಪ್ ತೆರೆದಾಗ ನಿಮಗೆ ಎರಡು ಮೈಕ್ ಕಾಣುತ್ತವೆ. ಬರೆಯುವ ಜಾಗದ ಪಕ್ಕದಲ್ಲಿರುವ ಹಸಿರು ಮೈಕ್ ನಿಮ್ಮ ದನಿಯನ್ನೇ ರೆಕಾರ್ಡ್ ಮಾಡಿ ಕಳಿಸುತ್ತದೆ. ಅಕ್ಷರ ಬರೆದುಕೊಡುವುದು ಕೀಬೋರ್ಡಿನ ಮೇಲ್ತುದಿಯಲ್ಲಿರುವ ಚಿಕ್ಕ ಮೈಕ್. ಅದು ಕೀಬೋರ್ಡ್ ಯಾವ ಭಾಷೆಯಲ್ಲಿದೆಯೋ ಅದೇ ಭಾಷೆ ಅಂದುಕೊಂಡು ಕೇಳಿಸಿಕೊಳ್ಳುತ್ತದೆ. ನಿಮ್ಮದು ಇಂಗ್ಲಿಷಿನಲ್ಲೇ ಇದೆ, ಅದಕ್ಕೇ ಆ ಅವಾಂತರ.

ನಿಮ್ಮದು Gboard ಕೀಬೋರ್ಡ್ ಅಲ್ವಾ? ಅದರ ಸೆಟ್ಟಿಂಗ್ಸ್‌ನಲ್ಲಿ Languages ಒತ್ತಿ, Add keyboard ಒತ್ತಿ, ಕನ್ನಡ ಸೇರಿಸಿ. ಆಮೇಲೆ ಸ್ಪೇಸ್ ಬಾರನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಭಾಷೆ ಬದಲಾಯಿಸಬಹುದು. ಸ್ಪೇಸ್ ಬಾರಿನ ಮೇಲೆ ಕನ್ನಡ ಅಂತ ಕಂಡ ಮೇಲೆಯೇ ಮೈಕ್ ಒತ್ತಿ.

ಕಳಿಸುವ ಮುಂಚೆ ಒಮ್ಮೆ ಓದಿ. ನಮ್ಮ ಕಡೆ ಅಕಾರ ಹಕಾರ ಅದಲುಬದಲು ಮಾಡಿ ಮಾತಾಡುತ್ತೇವಲ್ಲ, ಅದು ಬೇರೆ ತೊಂದರೆ. ಹೋದ ವಾರ ನಾನು ಮನೆಯವಳಿಗೆ "ಎರಡು ಕೆಜಿ ಅಕ್ಕಿ ತಗೊಂಡು ಬಾ" ಅಂದೆ, ಅದು "ಹಕ್ಕಿ" ಅಂತ ಬರೆದದ್ದನ್ನು ನೋಡದೆ ಕಳಿಸಿಬಿಟ್ಟೆ. ಇಡೀ ಸಂಜೆ ಅದೇ ನಗು.

ಇನ್ನು ಮಾತ್ರೆ. ನೀವು ರಿಮೈಂಡರ್ ಇಡಬೇಡಿ, ಅಲಾರಂ ಇಡಿ. ರಿಮೈಂಡರ್ ಒಂದು ಸಲ ಟಿಂಗ್ ಅಂದು ಮೆಸೇಜುಗಳ ಸಾಲಿನಲ್ಲಿ ಕೂತುಬಿಡುತ್ತದೆ. ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿದ್ದರೆ ಗೊತ್ತೇ ಆಗುವುದಿಲ್ಲ. ಅಲಾರಂ ಆದರೆ ಸುಮ್ನೆ ಬಿಡುವುದಿಲ್ಲ, ನೀವು ಬಂದು ನಿಲ್ಲಿಸದಿದ್ದರೆ ಕೆಲವು ನಿಮಿಷವಾದರೂ ಹೊಡೆದುಕೊಳ್ಳುತ್ತಲೇ ಇರುತ್ತದೆ. ಗ್ಯಾಸ್ ಬುಕ್ ಮಾಡುವುದು, ಕರೆಂಟ್ ಬಿಲ್, ಇಂಥವಕ್ಕೆ ರಿಮೈಂಡರ್ ಸಾಕು.

ಗೂಗಲ್ ಅಸಿಸ್ಟೆಂಟಿಗೆ ಹೀಗೆ ಹೇಳಿ: "ರಾತ್ರಿ ಎಂಟು ಗಂಟೆ ಮೂವತ್ತು ನಿಮಿಷಕ್ಕೆ ಅಲಾರಂ ಇಡು." ರಾತ್ರಿ, ಬೆಳಿಗ್ಗೆ ಅನ್ನುವ ಮಾತು ಮರೆಯಬೇಡಿ. ಬರೀ "ಎಂಟು ಗಂಟೆ" ಅಂದರೆ ಅದಕ್ಕೆ ತೋಚಿದ ಎಂಟು ಹಿಡಿದುಕೊಳ್ಳುತ್ತದೆ. ನಾನು ಒಂದು ಸಲ "ಐದೂವರೆ" ಅಂದಿದ್ದಕ್ಕೆ ಐದಕ್ಕೇ ಹೊಡೆದು ಅರ್ಧ ಗಂಟೆ ನಿದ್ದೆ ಹಾಳಾಯಿತು. ಅಂದಿನಿಂದ ನಿಮಿಷ ಬಿಡಿಸಿ ಹೇಳುತ್ತೇನೆ. ಹೇಳಿದ ಮೇಲೆ ಗಡಿಯಾರದ ಆ್ಯಪ್ ತೆರೆದು ಅಂಕಿ ನೋಡಿ. 8:30 PM ಅಂತ ಇರಬೇಕು. ಅಲ್ಲೇ ಏಳೂ ದಿನಗಳನ್ನು ಒತ್ತಿಬಿಟ್ಟರೆ ದಿನಾ ಹೊಡೆಯುತ್ತದೆ, ಹೆಸರಿನ ಜಾಗದಲ್ಲಿ "ಬಿಪಿ ಮಾತ್ರೆ" ಅಂತ ಬರೆದಿಡಿ.

ಅಸಿಸ್ಟೆಂಟ್ ಇಂಗ್ಲಿಷಲ್ಲೇ ಉತ್ತರ ಕೊಟ್ಟರೆ ಗಾಬರಿ ಬೇಡ. ಅದರ ಭಾಷೆ ಬೇರೆ, ಕೀಬೋರ್ಡಿನ ಭಾಷೆ ಬೇರೆ. ಅದರ ಸೆಟ್ಟಿಂಗ್ಸ್‌ನಲ್ಲೂ ಕನ್ನಡ ಆರಿಸಬೇಕು. ಆಗಲಿಲ್ಲ ಅಂದರೆ ಕೀಬೋರ್ಡ್ ಕಾಣುವ ಹಾಗೆ ಒಂದು ಸ್ಕ್ರೀನ್‌ಶಾಟ್ ಹಾಕಿ, ಊಟ ಆದ ಮೇಲೆ ಫೋನ್ ಮಾಡುತ್ತೇನೆ.