ಅಮ್ಮನ ಪೊಟ್ಯಾಶಿಯಂ 6.3 ಬಂದಿದೆ, ಲ್ಯಾಬ್‌ನವರನ್ನು ಹೇಗೆ ಕೇಳಲಿ?

ಕೇಳಿದವರು, ತಿಪಟೂರು ಕಡೆಯವರು

ಅಮ್ಮನಿಗೆ 61 ವರ್ಷ. ಬಿಪಿಗೆ ಟೆಲ್ಮಿಸಾರ್ಟನ್ 40 ತಗೊಳ್ತಾರೆ, ಬೇರೆ ಕಾಯಿಲೆ ಇಲ್ಲ. ಇವತ್ತು ಬೆಳಿಗ್ಗೆ 6:40ಕ್ಕೆ ಲ್ಯಾಬ್ ಹುಡುಗ ಊರಿಗೇ ಬಂದು ರಕ್ತ ತಗೊಂಡು ಹೋದ. ಈಗ ರಿಪೋರ್ಟ್ ಬಂತು: ಪೊಟ್ಯಾಶಿಯಂ 6.3. ಕ್ರಿಯಾಟಿನಿನ್ 0.8, ಸೋಡಿಯಂ 139. ಆರು ತಿಂಗಳ ಹಿಂದೆ ಪೊಟ್ಯಾಶಿಯಂ 4.4 ಇತ್ತು. ಅಮ್ಮ ಆರಾಮಾಗಿ ಓಡಾಡ್ತಿದಾರೆ. ಆ ಹುಡುಗ ನಮಗೆ ಗೊತ್ತಿರೋನು, ಒಳ್ಳೆಯವನು, ಅವನಿಗೆ ತೊಂದರೆ ಆಗಬಾರದು. ಜಗಳ ಇಲ್ಲದೆ ಇನ್ನೊಮ್ಮೆ ನೋಡಿ ಅಂತ ಲ್ಯಾಬ್‌ಗೆ ಹೇಗೆ ಕೇಳೋದು? ಅನುಭವ ಇದ್ದವರು ಹೇಳಿ.

ವೈದ್ಯೆ, ಹಾಸನ

ಲ್ಯಾಬ್‌ಗೆ ಬರೆಯೋದು ಆಮೇಲೆ. ಮೊದಲು ಅಮ್ಮನನ್ನು ಕರ್ಕೊಂಡು ಹತ್ತಿರದ ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸಿ, ಬೆಳಗಾಗಲಿ ಅಂತ ಕಾಯಬೇಡಿ. ಈ ಅಂಕಿ ಸುಳ್ಳಿರಬಹುದು, ನನಗೂ ಹಾಗೇ ಅನಿಸ್ತಿದೆ. ಆದರೆ ಟೆಲ್ಮಿಸಾರ್ಟನ್ ಪೊಟ್ಯಾಶಿಯಂ ಏರಿಸುವ ಮಾತ್ರೆ, ಮತ್ತು ಪೊಟ್ಯಾಶಿಯಂ ನಿಜವಾಗಿ ಇಷ್ಟು ಏರಿದರೂ ಎಷ್ಟೋ ಸಲ ಮನುಷ್ಯನಿಗೆ ಏನೂ ಅನಿಸುವುದಿಲ್ಲ. ಆರಾಮಾಗಿದ್ದಾರೆ ಅನ್ನೋದನ್ನ ನೆಚ್ಚಿಕೊಳ್ಳಬೇಡಿ. ಇಸಿಜಿ ಚೆನ್ನಾಗಿ ಬಂದರೂ ಪೊಟ್ಯಾಶಿಯಂ ಸರಿ ಇದೆ ಅಂತ ಅರ್ಥ ಅಲ್ಲ, ಹೊಸ ರಕ್ತ ಕೊಟ್ಟು ನೋಡಲೇಬೇಕು. ನಾಳೆಯ ಮಾತ್ರೆ ಕೊಡಬೇಕೋ ಬೇಡವೋ ಅಂತ ಅಲ್ಲಿನ ಡಾಕ್ಟರನ್ನೇ ಕೇಳಿ, ನೀವಾಗಿ ನಿಲ್ಲಿಸಬೇಡಿ.

ಫಾರ್ಮಸಿ ಅಂಗಡಿಯವರು, ದಾವಣಗೆರೆ

ಇದು ಹಿಮೋಲಿಸಿಸ್. ಸೂಜಿ ಚುಚ್ಚುವಾಗ ಕೆಂಪು ಕಣ ಒಡೆದರೆ ಅದರೊಳಗಿನ ಪೊಟ್ಯಾಶಿಯಂ ಹೊರಗೆ ಬರುತ್ತೆ. ಲ್ಯಾಬ್‌ಗೆ ಫೋನ್ ಮಾಡಿ, ಸ್ಯಾಂಪಲ್ ಹಿಮೋಲೈಸ್ ಆಗಿತ್ತಾ ಅಂತ ಒಂದೇ ಪ್ರಶ್ನೆ ಕೇಳಿ. ಆಗಿಲ್ಲ ಅಂದ್ರೆ ರಿಪೋರ್ಟ್ ನಿಜ. ಅದೇ ಟ್ಯೂಬ್ ಮತ್ತೆ ಮೆಷಿನ್‌ಗೆ ಹಾಕಿ ಅಂದ್ರೆ ಹತ್ತು ನಿಮಿಷದ ಕೆಲಸ, ಹಾಕ್ತಾರೆ.

ಲ್ಯಾಬ್ ಟೆಕ್ನಿಷಿಯನ್, ಶಿವಮೊಗ್ಗ

ಡಾಕ್ಟರ್ ಮೇಡಂ ಹೇಳಿದ್ದನ್ನು ಮೊದಲು ಮಾಡಿ. ಆಸ್ಪತ್ರೆಗೆ ಹೋಗೋ ದಾರಿಯಲ್ಲಿ ಇದನ್ನು ಓದಿ.

ದಾವಣಗೆರೆಯವರು ಹೇಳಿದ್ದು ಅರ್ಧ ಸರಿ. ಕಣ ಒಡೆದರೆ ಸೀರಂ, ಅಂದ್ರೆ ಕಣ ಬೇರ್ಪಡಿಸಿದ ಮೇಲೆ ಉಳಿಯೋ ತಿಳಿ, ನಸುಗೆಂಪಾಗುತ್ತೆ, ಕಣ್ಣಿಗೇ ಕಾಣುತ್ತೆ, ಈಗಿನ ಮೆಷಿನ್‌ಗಳೂ ಅದನ್ನು ಹಿಡೀತವೆ. ಆದರೆ ಕಣ ಒಡೆಯದೇನೂ ಪೊಟ್ಯಾಶಿಯಂ ಸೋರುತ್ತೆ. ಜೀವಂತ ಕೆಂಪು ಕಣದೊಳಗೆ ಪೊಟ್ಯಾಶಿಯಂ ತುಂಬಿರುತ್ತೆ, ಹೊರಗಿನ ನೀರಿನಲ್ಲಿ ತುಂಬಾ ಕಡಿಮೆ. ಕಣ ತನ್ನ ಪಂಪ್ ನಡೆಸಿಕೊಂಡು ಅದನ್ನು ಒಳಗೇ ಹಿಡಿದಿಟ್ಟುಕೊಂಡಿರುತ್ತೆ. ಟ್ಯೂಬನ್ನು ಐಸ್ ಪ್ಯಾಕ್ ಪಕ್ಕ ಇಟ್ಟರೆ ಆ ಪಂಪ್ ಮಂಕಾಗುತ್ತೆ, ಪೊಟ್ಯಾಶಿಯಂ ಗಂಟೆಗಂಟೆಗೂ ಹೊರಗೆ ಜಿನುಗುತ್ತೆ. ಸೀರಂ ಮಾತ್ರ ಒಣಹುಲ್ಲಿನ ಬಣ್ಣದಲ್ಲಿ ತಿಳಿಯಾಗೇ ಇರುತ್ತೆ. ಲ್ಯಾಬ್‌ನವರು 'ಹಿಮೋಲಿಸಿಸ್ ಇಲ್ಲ' ಅಂದಾಗ ಸುಳ್ಳು ಹೇಳಿರಲ್ಲ. ನೀವು ಕೇಳಿದ ಪ್ರಶ್ನೆ ತಪ್ಪಾಗಿರುತ್ತೆ.

ಅದೇ ಟ್ಯೂಬ್ ಮತ್ತೆ ಹಾಕಿಸಿದರೂ ಉಪಯೋಗ ಇಲ್ಲ. ಸೋರಿದ್ದು ಸೀರಂನಲ್ಲೇ ಇದೆ, ಮೆಷಿನ್ ಮತ್ತೆ 6.2 ಇಲ್ಲ 6.3 ತೋರಿಸುತ್ತೆ. ಆಮೇಲೆ ನೀವೂ ನಂಬ್ತೀರಿ, ಅವರೂ ನಂಬ್ತಾರೆ. ಜೆಲ್ ಇರೋ ಹಳದಿ ಮುಚ್ಚಳದ ಟ್ಯೂಬನ್ನು ಇಟ್ಟು ಎಷ್ಟೋ ಹೊತ್ತಾದ ಮೇಲೆ ಕಣ ಬೇರ್ಪಡಿಸೋ ಸೆಂಟ್ರಿಫ್ಯೂಜ್‌ನಲ್ಲಿ ಎರಡನೇ ಸಲ ತಿರುಗಿಸಿದರಂತೂ ಜೆಲ್ ಕೆಳಗೆ ಉಳಿದ ಸೀರಂ ಮೇಲೆ ಬಂದು ಅಂಕಿ ಇನ್ನೂ ಏರುತ್ತೆ. ಅದಕ್ಕೇ 'ರೀಚೆಕ್' ಅಂತ ಬರೆಯಬೇಡಿ, 'ಹೊಸ ಸ್ಯಾಂಪಲ್' ಅಂತ ಬರೆಯಿರಿ.

ಹುಡುಗ ರಕ್ತ ತೆಗೆಯುವಾಗ ಮುಷ್ಟಿ ಬಿಗಿ ಹಿಡಿದು ಬಿಚ್ಚಿ, ಹಿಡಿದು ಬಿಚ್ಚಿ ಅಂದಿದ್ನಾ? ಪಟ್ಟಿ ಕಟ್ಟಿದ ಕೈಯಲ್ಲಿ ಹಾಗೆ ಮಾಡಿದರೆ ಸ್ನಾಯುವಿನಿಂದ ಪೊಟ್ಯಾಶಿಯಂ ಬಿಡುಗಡೆಯಾಗುತ್ತೆ, ಒಂದರಷ್ಟು ಏರಿದ್ದೂ ಉಂಟು. ಕೂಲ್ ಬಾಕ್ಸ್ ತಂದಿದ್ನಾ? ರಿಪೋರ್ಟಿನ ಮೇಲ್ಭಾಗದಲ್ಲಿ ತೆಗೆದ ಸಮಯ, ಲ್ಯಾಬ್‌ಗೆ ತಲುಪಿದ ಸಮಯ ಎರಡೂ ಇರುತ್ತೆ, ನೋಡಿ ಹೇಳಿ. ಹಾಗೇ ಕ್ಯಾಲ್ಸಿಯಂ ಎಷ್ಟಿದೆ ನೋಡಿ. ನೇರಳೆ ಮುಚ್ಚಳದ ಟ್ಯೂಬಿನ ರಕ್ತ ಇದಕ್ಕೆ ಬೆರೆತಿದ್ದರೆ ಪೊಟ್ಯಾಶಿಯಂ ಏರಿ ಕ್ಯಾಲ್ಸಿಯಂ ಪಾತಾಳಕ್ಕೆ ಇಳಿದಿರುತ್ತೆ.

ಗೃಹಿಣಿ, ಹುಬ್ಬಳ್ಳಿ

ನನಗೂ ಹಿಂಗ ಆಗಿತ್ತು ನೋಡ್ರಿ. ಥೈರಾಯ್ಡ್ ಟಿಎಸ್‌ಎಚ್ ಒಮ್ಮೆಲೇ ಪೂರ್ತಿ ಕೆಳಗ ಬಂತು. ಡಾಕ್ಟರ್ ಮಾತ್ರೆ ಕಡಿಮಿ ಮಾಡಾಕ ಹೊಂಟಿದ್ರು. ಆಮೇಲೆ ಗೊತ್ತಾತು, ಕೂದಲಿಗಂತ ಬಯೋಟಿನ್ ಗುಳಿಗಿ ನುಂಗಾಕತ್ತಿದ್ದೆ, ಅದು ಟೆಸ್ಟಿಗೇ ಅಡ್ಡ ಬಂದಿತ್ತು. ಬಿಟ್ಟು ಒಂದು ವಾರಕ್ಕ ತೆಗಿಸಿದ್ರ ಎಲ್ಲಾ ಸರಿ. ನಿಮ್ಮ ಅಮ್ಮಾರು ಏನಾರ ಹೊಸ ಗುಳಿಗಿ ತಗೊಂಡಾರೇನು? ಅಡಗಿಗೆ ಬಿಪಿಯವರದ್ದಂತ ಬರೋ ಕಡಿಮಿ ಸೋಡಿಯಂ ಉಪ್ಪು ಹಾಕ್ತೀರೇನು? ನಮ್ಮ ಮಾವನವರಿಗೆ ಅದನ್ನ ಬಿಡಿಸಿದ್ರು.

ಕೇಳಿದವರು

ಎಲ್ಲರಿಗೂ ನಮಸ್ಕಾರ. ರಾತ್ರಿಯೇ ಹೋದ್ವಿ. ಇಸಿಜಿ ಸರಿಯಾಗಿದೆ ಅಂದ್ರು, ಆದರೂ ಬೆಳಗಿನವರೆಗೆ ಮಾನಿಟರ್ ಹಾಕಿ ಮಲಗಿಸಿಕೊಂಡ್ರು. ರಾತ್ರಿ ಅಲ್ಲಿ ಪೊಟ್ಯಾಶಿಯಂ ನೋಡೋ ವ್ಯವಸ್ಥೆ ಇರಲಿಲ್ಲ. ಬೆಳಗಿನ ಮಾತ್ರೆ ಸದ್ಯಕ್ಕೆ ತಡೆಹಿಡಿದಿದ್ದಾರೆ.

ಸಮಯ ನೋಡಿದೆ ಸರ್. ತೆಗೆದಿದ್ದು 6:40, ತಲುಪಿದ್ದು 12:50. ಅವನು ಇನ್ನೂ ನಾಲ್ಕು ಊರು ಸುತ್ತಿ ಹೋಗಿದ್ದಾನೆ. ಥರ್ಮಾಕೋಲ್ ಡಬ್ಬಿಯಲ್ಲಿ ನೀಲಿ ಜೆಲ್ ಪ್ಯಾಕ್ ಇತ್ತು, ಟ್ಯೂಬ್ ಅದಕ್ಕೇ ಅಂಟಿಕೊಂಡಂತೆ ಇಟ್ಟಿದ್ದು ನಾನೇ ನೋಡಿದ್ದೆ. ಅಮ್ಮನ ನರ ಸಿಗ್ತಾ ಇರಲಿಲ್ಲ, ಮುಷ್ಟಿ ಹತ್ತು ಹದಿನೈದು ಸಲ ಮಾಡಿಸಿದ. ಕ್ಯಾಲ್ಸಿಯಂ 9.3 ಇದೆ.

ಹುಬ್ಬಳ್ಳಿ ಅಕ್ಕ, ಅಡುಗೆಮನೆಗೆ ಹೋಗಿ ಡಬ್ಬಿ ನೋಡಿದೆ. ಹೌದು, ಎರಡು ತಿಂಗಳಿಂದ ಅದೇ ಉಪ್ಪು. ನಾನೇ ತಂದುಕೊಟ್ಟಿದ್ದು. ತುಂಬಾ ಬೇಜಾರಾಯ್ತು.

ಲ್ಯಾಬ್ ಟೆಕ್ನಿಷಿಯನ್, ಶಿವಮೊಗ್ಗ

ಕ್ಯಾಲ್ಸಿಯಂ ಸರಿ ಇದೆ, ಅಂದ್ರೆ ನೇರಳೆ ಟ್ಯೂಬ್ ಬೆರೆತಿಲ್ಲ. ಆರು ಗಂಟೆ ಮೇಲೆ ತಣ್ಣಗಿಟ್ಟ, ತಿರುಗಿಸದ ರಕ್ತ, ಜೊತೆಗೆ ಮುಷ್ಟಿ. 6.3 ಬರೋದಕ್ಕೆ ಇಷ್ಟು ಸಾಕು. ಆದರೆ ಆ ಉಪ್ಪಿನಲ್ಲಿ ಪೊಟ್ಯಾಶಿಯಂ ಕ್ಲೋರೈಡ್ ಇರುತ್ತೆ, ಟೆಲ್ಮಿಸಾರ್ಟನ್ ಜೊತೆ ಅದು ಸಣ್ಣ ವಿಷಯ ಅಲ್ಲ. ಇವತ್ತಿನಿಂದಲೇ ನಿಲ್ಲಿಸಿ, ಡಾಕ್ಟರಿಗೂ ಹೇಳಿ.

ಲ್ಯಾಬ್‌ಗೆ ಹೀಗೆ ಬರೆಯಿರಿ. ರಿಸೆಪ್ಷನ್ ನಂಬರಿಗಲ್ಲ, ರಿಪೋರ್ಟಿನ ಕೊನೆಯಲ್ಲಿ ಸಹಿ ಹಾಕಿರೋ ಪ್ಯಾಥಾಲಜಿಸ್ಟ್ ಇಲ್ಲ ಬಯೋಕೆಮಿಸ್ಟ್ ಗಮನಕ್ಕೆ ಅಂತ:

"ನಮಸ್ಕಾರ. ನನ್ನ ತಾಯಿಯವರ ರಿಪೋರ್ಟ್ ಬಗ್ಗೆ ನಿಮ್ಮ ಸಹಾಯ ಬೇಕಿತ್ತು. ಸ್ಯಾಂಪಲ್ ಬಾರ್‌ಕೋಡ್ ನಂಬರ್ ಇದು, ನಿನ್ನೆ ಬೆಳಿಗ್ಗೆ 6:40ಕ್ಕೆ ಮನೆಯಲ್ಲಿ ತೆಗೆದದ್ದು. ಪೊಟ್ಯಾಶಿಯಂ 6.3 ಬಂದಿದೆ, ಆರು ತಿಂಗಳ ಹಿಂದೆ 4.4 ಇತ್ತು, ಕ್ರಿಯಾಟಿನಿನ್ 0.8 ಇದೆ. ಇಸಿಜಿ ಆಗಿದೆ, ಹೊಸ ಸ್ಯಾಂಪಲ್‌ನಲ್ಲಿ ಖಚಿತಪಡಿಸಿಕೊಳ್ಳಲು ವೈದ್ಯರು ಹೇಳಿದ್ದಾರೆ. ಟ್ಯೂಬನ್ನು ಸೆಂಟ್ರಿಫ್ಯೂಜ್ ಮಾಡಿದ್ದು ಎಷ್ಟು ಗಂಟೆಗೆ, ಅಲ್ಲಿಯವರೆಗೆ ತಣ್ಣಗೆ ಇಡಲಾಗಿತ್ತೇ, ದಯವಿಟ್ಟು ತಿಳಿಸುವಿರಾ? ಇವತ್ತೇ ನಿಮ್ಮ ಕೇಂದ್ರಕ್ಕೆ ಬಂದು ರಕ್ತ ಕೊಡುತ್ತೇವೆ, ಬಂದ ಕೂಡಲೇ ಬೇರ್ಪಡಿಸಿ ನೋಡಿದರೆ ಉಪಕಾರವಾಗುತ್ತದೆ. ರಕ್ತ ತೆಗೆದವರ ಮೇಲೆ ನಮ್ಮದು ಯಾವ ದೂರೂ ಇಲ್ಲ."

ಸಮಯ ಕೇಳಿದಾಗ ಯಾರಿಗೂ ಬೈದ ಹಾಗಾಗಲ್ಲ, ಅವರು ರಿಜಿಸ್ಟರ್ ನೋಡಿ ಹೇಳಲೇಬೇಕಾಗುತ್ತೆ. ನಾನು ಇಂಥ ಮೆಸೇಜ್ ಓದೋ ಕಡೆ ಕೂತವನು. 'ನಿಮ್ಮ ರಿಪೋರ್ಟ್ ತಪ್ಪು' ಅಂತ ಶುರುವಾದರೆ ನಾವು ಮೊದಲು ಕ್ವಾಲಿಟಿ ಕಂಟ್ರೋಲ್ ಶೀಟ್ ಹುಡುಕ್ತೀವಿ, ಮೆಷಿನ್ ಸರಿ ಇತ್ತು ಅಂತ ತೋರಿಸೋಕೆ. ಮೆಷಿನ್ ಸರಿಯೇ ಇರುತ್ತೆ. ಮಾತು ಅಲ್ಲಿಗೇ ನಿಂತುಬಿಡುತ್ತೆ.

ಕೇಂದ್ರದಲ್ಲಿ ರಕ್ತ ಕೊಡುವಾಗ ಮುಷ್ಟಿ ಆಡಿಸೋದು ಬೇಡ, ಪಟ್ಟಿ ಬೇಗ ಬಿಚ್ಚಿ ಅಂತ ಮೆಲ್ಲಗೆ ಹೇಳಿ. ಹೆಪಾರಿನ್ ಇರೋ ಹಸಿರು ಮುಚ್ಚಳದ ಟ್ಯೂಬ್ ಸಿಕ್ಕರೆ ಇನ್ನೂ ಒಳ್ಳೆಯದು, ರಕ್ತ ಹೆಪ್ಪುಗಟ್ಟೋವರೆಗೆ ಕಾಯಬೇಕಿಲ್ಲ.

ನಿವೃತ್ತ ಶಿಕ್ಷಕರು, ಉಡುಪಿ

ಹೊಸ ಸ್ಯಾಂಪಲ್ ಬೇರೆ ಲ್ಯಾಬಿಗೆ ಕೊಡುವುದು ಒಳ್ಳೆಯದಲ್ಲವೇ? ಅದೇ ಲ್ಯಾಬ್ ತನ್ನ ಹಿಂದಿನ ಅಂಕಿಯನ್ನೇ ಸಮರ್ಥಿಸಿಕೊಳ್ಳಬಹುದು.

ಲ್ಯಾಬ್ ಟೆಕ್ನಿಷಿಯನ್, ಶಿವಮೊಗ್ಗ

ಕೊಡಬಹುದು ಸರ್. ಆದರೆ ಅಲ್ಲೂ ಮನೆಗೆ ಬಂದು ತಗೊಂಡು ಹೋದರೆ ಅದೇ ಕಥೆ. ಲ್ಯಾಬ್ ಯಾವುದು ಅನ್ನೋದಕ್ಕಿಂತ ರಕ್ತ ತೆಗೆದ ಜಾಗಕ್ಕೂ ಸೆಂಟ್ರಿಫ್ಯೂಜ್‌ಗೂ ಎಷ್ಟು ದೂರ ಅನ್ನೋದು ಮುಖ್ಯ. ಬೇರೆ ಕಡೆ 4.6 ಬಂದರೆ ಎರಡರಲ್ಲಿ ಯಾವುದು ನಿಜ ಅಂತ ಮತ್ತೆ ತಲೆಬಿಸಿ ಬೇರೆ.

ಕೇಳಿದವರು

ಆ ಮೆಸೇಜ್ ಹಾಗೇ ಕಳಿಸಿದೆ. ಮುಕ್ಕಾಲು ಗಂಟೆಯಲ್ಲಿ ಬಯೋಕೆಮಿಸ್ಟ್ ಅವರೇ ಫೋನ್ ಮಾಡಿದ್ರು. ಟ್ಯೂಬ್ ತಿರುಗಿಸಿದ್ದು 1:15ಕ್ಕೆ, ಡಬ್ಬಿ ತಣ್ಣಗೇ ಇತ್ತು, ಸೀರಂ ತಿಳಿಯಾಗಿತ್ತು, ಅದಕ್ಕೆ ಯಾರಿಗೂ ಅನುಮಾನ ಬರಲಿಲ್ಲ ಅಂದ್ರು. ದುಡ್ಡು ತಗೊಳ್ಳದೆ ಕೇಂದ್ರದಲ್ಲೇ ಹಸಿರು ಟ್ಯೂಬಿಗೆ ರಕ್ತ ತೆಗೆದ್ರು. ಅಮ್ಮ ಅಭ್ಯಾಸಬಲದಿಂದ ಮುಷ್ಟಿ ಕಟ್ಟಿದ್ರು, ಸಿಸ್ಟರ್ ಬೆರಳು ಒಂದೊಂದಾಗಿ ಬಿಡಿಸಿ ಕೈ ಸಡಿಲ ಮಾಡಿಸಿದ್ರು. ಅರ್ಧ ಗಂಟೆಯೊಳಗೆ ತಿರುಗಿಸಿದ್ದಾರೆ. ಬಂದಿದ್ದು 4.9.

ಅವರ ಮಿತಿ 5.1ರವರೆಗೆ, ಹಾಗಾಗಿ ನಾರ್ಮಲ್. ಆದರೆ ಹಿಂದಿನ 4.4ಕ್ಕಿಂತ ಮೇಲಿದೆ. ಡಾಕ್ಟರ್ ಮಾತ್ರೆ ಮುಂದುವರಿಸಿದ್ದಾರೆ, ಉಪ್ಪು ಮಾತ್ರ ಬಿಡಿಸಿ ಎರಡು ವಾರ ಬಿಟ್ಟು ಮತ್ತೆ ನೋಡೋಣ ಅಂದಿದ್ದಾರೆ.

ಇನ್ನೊಂದು ಕೇಳಬೇಕಿತ್ತು. ಆ 6.3ರ ರಿಪೋರ್ಟ್ ಅವರ ಆ್ಯಪ್‌ನಲ್ಲಿ ಹಾಗೇ ಇದೆ. ಅಳಿಸಿ ಅಂತ ಕೇಳಬಹುದಾ?

ಲ್ಯಾಬ್ ಟೆಕ್ನಿಷಿಯನ್, ಶಿವಮೊಗ್ಗ

ಅಳಿಸಿ ಅನ್ನಬೇಡಿ, ಕೊಟ್ಟ ರಿಪೋರ್ಟನ್ನು ಸುಮ್ಮನೆ ಅಳಿಸೋ ಹಾಗಿಲ್ಲ. 'ಸ್ಯಾಂಪಲ್ ಬೇರ್ಪಡಿಸಲು ತಡವಾಗಿದೆ, ಪೊಟ್ಯಾಶಿಯಂ ನಂಬಲರ್ಹವಲ್ಲ' ಅಂತ ಟಿಪ್ಪಣಿ ಸೇರಿಸಿ ಪರಿಷ್ಕೃತ ರಿಪೋರ್ಟ್ ಕೊಡಿ ಅಂತ ಕೇಳಿ. ನಾಳೆ ಅಮ್ಮ ಇನ್ನೊಬ್ಬ ಡಾಕ್ಟರ್ ಹತ್ತಿರ ಹೋದಾಗ ಬರೀ 6.3 ಕಂಡರೆ ಒಳ್ಳೆಯ ಮಾತ್ರೆಯನ್ನೇ ನಿಲ್ಲಿಸಿಬಿಡಬಹುದು.

ವೈದ್ಯೆ, ಹಾಸನ

ಟಿಪ್ಪಣಿ ಬೇಕು, ನಾನೂ ಒಪ್ತೀನಿ. ಆದರೆ ಆ ಅಂಕಿ ಪೂರ್ತಿ ತಡವಾಗಿದ್ದರಿಂದಲೇ ಬಂತು ಅಂತ ನಾನಂತೂ ಬರೆಯಲಾರೆ. ಆ ಬೆಳಿಗ್ಗೆ ಅಮ್ಮನ ರಕ್ತದಲ್ಲಿ ನಿಜವಾಗಿ ಇದ್ದದ್ದು 4.9 ಇರಬಹುದು, 5.3 ಕೂಡ ಇರಬಹುದು. ಎರಡು ವಾರದ ರಿಪೋರ್ಟ್ ಬಂದಾಗ ಇಲ್ಲೇ ಹಾಕಿ, ತೆಗೆದ ಸಮಯ, ತಿರುಗಿಸಿದ ಸಮಯ ಎರಡೂ ಸೇರಿಸಿ.