ಪದ ಬೇಕಾಗಿದೆ: ‘ಟೋನ್’ ಅನ್ನೋದಕ್ಕೆ ಧಾಟಿಯೋ, ದನಿಯೋ?

ಸುಮಾ, ಮೈಸೂರು

ಎಲ್ಲರಿಗೂ ನಮಸ್ಕಾರ. ಶುಕ್ರವಾರದೊಳಗೆ ಒಂದು ಪದ ಬೇಕು. ಮಂಡ್ಯ ಕಡೆಯ ಒಂದು ಸಹಕಾರ ಸಂಘದ ಜಾಲತಾಣ ತಿದ್ದುವ ಕೆಲಸ ಒಪ್ಪಿಕೊಂಡಿದ್ದೇನೆ. ಒಟ್ಟು 64 ಪುಟ. 2008ರಿಂದ ಈಚೆಗೆ ಐದು ಜನ ಬರೆದಿದ್ದಾರೆ. ಒಂದು ಪುಟದಲ್ಲಿ ‘ಸದಸ್ಯರು ಅರ್ಜಿಯನ್ನು ಸಲ್ಲಿಸತಕ್ಕದ್ದು’ ಅಂತಿದೆ. ಪಕ್ಕದ ಪುಟದಲ್ಲಿ ‘ತಾವು ದಯಮಾಡಿ ಅರ್ಜಿ ಸಲ್ಲಿಸಬೇಕಾಗಿ ವಿನಂತಿ’. ಇನ್ನೊಂದರಲ್ಲಿ ‘ಅರ್ಜಿ ಹಾಕೋಕೆ ಇಲ್ಲಿ ಒತ್ತಿ!’. ಓದಿದರೆ ಮೂರು ಬೇರೆ ಬೇರೆ ಸಂಘ ಅನ್ನಿಸುತ್ತೆ.

ಮುಂದೆ ಬರೆಯುವ ಗುಮಾಸ್ತರಿಗೆ ಎರಡು ಪುಟದ ಸೂಚನೆ ಕೊಡಬೇಕು. ಅದರ ತಲೆಬರಹಕ್ಕೆ ‘ಟೋನ್’ ಅನ್ನೋದಕ್ಕೆ ಏನು ಹಾಕಲಿ? ಧಾಟಿ, ದನಿ, ಧ್ವನಿ, ಶೈಲಿ ನಾಲ್ಕೂ ಬರೆದು ನೋಡಿದೆ. ಯಾವುದೂ ಸರಿಯಾಗಿ ಕೂರ್ತಾ ಇಲ್ಲ.

ಶ್ರೀಕಂಠ, ಕುವೆಂಪುನಗರ

ಧಾಟಿ ಬೇಡವೇ ಬೇಡ. ಸಂಸ್ಕೃತದ ‘ಧಾಟೀ’ ಅಂದರೆ ಮುತ್ತಿಗೆ, ಆಕ್ರಮಣ. ನಮ್ಮ ‘ದಾಳಿ’ ಅದರದೇ ತದ್ಭವ. ಸಾಲ ಕೊಡುವ ಸಂಘದ ತಲೆಬರಹಕ್ಕೆ ದಾಳಿಯ ಪದ ಯಾಕಮ್ಮಾ? ‘ಶೈಲಿ’ ಹಾಕಿ, ಮುಗಿಯಿತು.

ಮಂಜು, ಸರಸ್ವತಿಪುರಂ

ದಾಟಿ, ಶಯ್ಲಿ, ದ್ವನಿ ಎಲ್ಲವೂ ಹೊರಗಿನವು. ನಾನು ಮಹಾಪ್ರಾಣ ಬಿಟ್ಟು ಬರೆಯುವವನು, ಅದು ಇಲ್ಲಿ ಎಲ್ಲರಿಗೂ ಗೊತ್ತು. ‘ಉಲಿ’ ಅನ್ನುವ ಚೆಂದದ ಕನ್ನಡ ಪದ ಇದೆ. ಬಳಸಿದರೆ ತಾನೇ ಬಳಕೆಗೆ ಬರುವುದು?

ಶ್ರೀಕಂಠ

ನೀವು ಬರೆದ ‘ದಾಟಿ’ಯನ್ನು ನಾನು ಮೊದಲು ‘ಹೊಳೆ ದಾಟಿ’ ಅಂತಲೇ ಓದಿದೆ. ಇನ್ನು ‘ಉಲಿ’ಗೆ ಗುಮಾಸ್ತರು ನಿಘಂಟು ತೆಗೆಯಬೇಕು. ಆಗುವ ಮಾತಲ್ಲ.

ಬೋರೇಗೌಡ, ಮದ್ದೂರು

ಸುಮಾ ಅವರೇ, ಹಳೆಯ ಪುಟಗಳನ್ನು ಒಂದೇ ಸಮ ಮಾಡುವುದು ಅಂದರೆ ಮೊದಲು ಅಕ್ಷರದ ಕೆಲಸ. ನಾನು ನಮ್ಮೂರಿನ ಒಂದು ತಾಣ ನೋಡಿಕೊಂಡಿದ್ದೆ. ಹಳೆಯವೆಲ್ಲ ‘ನುಡಿ’ ತಂತ್ರಾಂಶದ ಹಳೇ ಅಕ್ಷರಶೈಲಿಯಲ್ಲಿ ಹೊಡೆದವು. ಕಣ್ಣಿಗೆ ಕನ್ನಡ, ಆದರೆ ಒಳಗೆ ಇಂಗ್ಲಿಷ್ ಅಕ್ಷರಗಳು. ‘ಸದಸ್ಯ’ ಅಂತ ಹುಡುಕಿದರೆ ಹೊಸ ಪುಟ ಮಾತ್ರ ಸಿಕ್ಕವು. ಮೊದಲು ಎಲ್ಲವನ್ನೂ ಯೂನಿಕೋಡ್‌ಗೆ ತನ್ನಿ. ತಂದ ಮೇಲೆ ಒತ್ತಕ್ಷರ, ಅರ್ಕಾವತ್ತು ಕಣ್ಣಲ್ಲೇ ನೋಡಿ, ಅಲ್ಲೇ ಕೆಡೋದು.

ಪದ ಕೇಳಿದರೆ, ನಮ್ಮ ಕಡೆ ‘ಹದ’ ಅಂತೀವಿ. ಆಲೆಮನೆಯಲ್ಲಿ ಪಾಕ ಹದಕ್ಕೆ ಬಂದರೇನೇ ಅಚ್ಚಿಗೆ ಹುಯ್ಯೋದು. ಮಾತಿಗೂ ಹದ ಇದೆ ಅಲ್ವಾ?

ಪ್ರಸನ್ನ, ಮಂಡ್ಯ

ಪದಕ್ಕೆ ಇಷ್ಟು ಜಗಳ ಯಾಕೆ? ‘ತಾವು’ ಇರುವ ಕಡೆಯೆಲ್ಲ ‘ನೀವು’, ‘ತಮ್ಮ’ ಇರುವ ಕಡೆ ‘ನಿಮ್ಮ’, ‘ತಕ್ಕದ್ದು’ ಇರುವ ಕಡೆ ‘ಬೇಕು’. ಹುಡುಕಿ ಬದಲಾಯಿಸುವ ಆಜ್ಞೆ ಕೊಟ್ಟರೆ ಒಂದು ಗಂಟೆ ಕೆಲಸ.

ಲಲಿತಾ, ಮೈಸೂರು

ಪ್ರಸನ್ನ, ‘ನೀವು’ ಅನ್ನೋ ಆಯ್ಕೆ ಸರಿ. ಹಾಗೆ ಒಟ್ಟಿಗೆ ಬದಲಾಯಿಸುವುದು ಮಾತ್ರ ಬೇಡ. ‘ರೈತರು ತಾವು ಬೆಳೆದ ಕಬ್ಬನ್ನು ತಾವೇ ತೂಕ ಮಾಡಿಸಬಹುದು’ ಅನ್ನೋ ವಾಕ್ಯ ತಗೊಳ್ಳಿ. ನಿಮ್ಮ ಆಜ್ಞೆ ಓಡಿದ ಮೇಲೆ ಅದು ‘ರೈತರು ನೀವು ಬೆಳೆದ ಕಬ್ಬನ್ನು ತಾವೇ ತೂಕ ಮಾಡಿಸಬಹುದು’ ಆಗುತ್ತೆ. ಇಲ್ಲಿ ‘ತಾವು’ ಮರ್ಯಾದೆಯ ಮಾತಲ್ಲ, ರೈತರನ್ನೇ ತಿರುಗಿ ಹೇಳುವುದು. ನಾಮಿನಿ ಪುಟದಲ್ಲಿ ‘ಸದಸ್ಯರ ಅಣ್ಣ ಅಥವಾ ತಮ್ಮ’ ಅಂತಿದ್ದರೆ ‘ಅಣ್ಣ ಅಥವಾ ನಿಮ್ಮ’ ಆಗುತ್ತೆ. ಹುಡುಕೋಕೆ ಯಂತ್ರ ಸಾಕು, ಬದಲಾಯಿಸೋದು ಒಂದೊಂದೇ ಓದಿ.

ಸುಮಾ, ನಿಮಗೆ ಪದ ಕೂರದೇ ಇರೋದಕ್ಕೆ ಕಾರಣ ಇದೆ. ನೀವು ಎರಡು ವಿಷಯಕ್ಕೆ ಒಂದು ಪದ ಹುಡುಕ್ತಿದ್ದೀರಿ. ಮಾತಾಡುತ್ತಿರುವವರು ಯಾರು ಅನ್ನೋದು ಒಂದು, ಅದು 64 ಪುಟದಲ್ಲೂ ಒಂದೇ ಇರಬೇಕು. ಅದಕ್ಕೆ ‘ದನಿ’ ಅನ್ನಿ. ಸಂದರ್ಭಕ್ಕೆ ತಕ್ಕಂತೆ ಆ ಮಾತು ಹೇಗೆ ಬಾಗುತ್ತೆ ಅನ್ನೋದು ಇನ್ನೊಂದು. ಅದು ‘ಧಾಟಿ’. ಕಂತಿನ ಪುಟದಲ್ಲಿ ‘ಈ ತಿಂಗಳ ಕಂತು ಕಟ್ಟಿದಿರಾ?’ ಅಂತ ಚುರುಕಾಗಿ ಕೇಳಬಹುದು. ‘ಸದಸ್ಯರು ತೀರಿಕೊಂಡರೆ ಮನೆಯವರು ಏನು ಮಾಡಬೇಕು’ ಅನ್ನೋ ಪುಟದಲ್ಲಿ ಅದೇ ಚುರುಕು ತಂದರೆ ಓದಿದವರ ಎದೆಗೆ ಚುಚ್ಚುತ್ತೆ. ಎರಡು ಕಡೆಯೂ ‘ನೀವು’, ಎರಡು ಕಡೆಯೂ ‘ಮಾಡಿ’, ಆದರೆ ಧಾಟಿ ಬೇರೆ. ಧಾಟಿಯನ್ನೂ ಒಂದೇ ಮಾಡೋಕೆ ಹೋದರೆ ತಾಣ ಸಪ್ಪೆಯಾಗುತ್ತೆ.

‘ಧ್ವನಿ’ ಬೇಡ. ಓದಿದವರು ಕಾವ್ಯದ ಒಳಗಿನ ಇನ್ನೊಂದು ಅರ್ಥಕ್ಕೋ, ಅದನ್ನೇ ‘ಧ್ವನಿ’ ಅಂದ ಆನಂದವರ್ಧನನಿಗೋ ಹೋಗ್ತಾರೆ. ಇಲ್ಲಾಂದ್ರೆ ಕೇಳಿಸಿಕೊಳ್ಳುವ ಗುಂಡಿ ಹುಡುಕ್ತಾರೆ.

ಕೆಲಸ ಶುರು ಮಾಡುವ ಮುಂಚೆ ಒಂದು ಪಟ್ಟಿ ಹಾಕಿ. ಪ್ರತಿ ಪುಟಕ್ಕೂ ಹೇಳುವವರು ಯಾರು, ‘ನಾವು’ ಅಂತಲೋ ‘ಸಂಘವು’ ಅಂತಲೋ. ಕೇಳುವವರನ್ನು ಏನಂತ ಕರೆದಿದೆ. ಕ್ರಿಯಾಪದ ಹೇಗೆ ಮುಗಿದಿದೆ. ಒಳಗಿನ ವಿಷಯವನ್ನು ಕೊನೆಗೆ ಯಾವಾಗ ಪರೀಕ್ಷೆ ಮಾಡಿದ್ದು. ಈ ಕೊನೇದನ್ನು ಬಿಡಬೇಡಿ. ಹಳೇ ಭಾಷೆ ಇದ್ದ ಪುಟ ನೋಡಿದ ಕೂಡಲೇ ಜನ ‘ಇದು ಹಳೇದು, ಒಂದು ಮಾತು ಕೇಳೋಣ’ ಅಂತ ಫೋನ್ ಮಾಡ್ತಾರೆ. ನೀವು ಭಾಷೆ ಮಾತ್ರ ಹೊಸದು ಮಾಡಿದರೆ ಹತ್ತು ವರ್ಷದ ಹಿಂದಿನ ಬಡ್ಡಿ ದರವನ್ನೂ ನಂಬಿಬಿಡ್ತಾರೆ.

ಉಪವಿಧಿಗಳ ಪುಟ ಮುಟ್ಟಬೇಡಿ. ಅಲ್ಲಿ ‘ಸಲ್ಲಿಸತಕ್ಕದ್ದು’ ಅನ್ನೋದಕ್ಕೆ ಕಟ್ಟುಪಾಡಿನ ತೂಕ ಇದೆ. ‘ಸಲ್ಲಿಸಿ’ ಅಂದರೆ ಆ ತೂಕ ಹೋಯ್ತು. ಮೇಲೆ ನಾಲ್ಕು ಸಾಲಿನ ಸರಳ ವಿವರಣೆ ಹಾಕಿ, ಕೆಳಗೆ ಮೂಲ ಹಾಗೇ ಇರಲಿ.

ಮಂಜು

‘ದನಿ’ಯೂ ಸಂಸ್ಕೃತದ ತದ್ಬವವೇ. ಮತ್ತೆ ಅಲ್ಲಿಗೇ ಬಂದಿರಿ.

ಬೋರೇಗೌಡ

ಮಂಜಣ್ಣ, ಅರ್ಜಿ ಅರಬ್ಬಿಯಿಂದ ಬಂತು, ರಸೀದಿ ಪಾರ್ಸಿಯಿಂದ ಬಂತು. ನಮ್ಮವ್ವ ಓದೋಕೆ ಬಾರದೋಳು, ಅವೆರಡನ್ನೂ ದಿನಾ ಆಡೋಳು. ಬಾಯಲ್ಲಿ ತಿರುಗಿದ ಮೇಲೆ ಅದು ನಮ್ಮದೇ.

ಮಂಜು

ಬಂದದ್ದನ್ನು ಓಡಿಸಿ ಅಂದೆನೇ? ಹೊಸದಾಗಿ ತರುವಾಗ ಮನೆಯೊಳಗೆ ಒಮ್ಮೆ ಹುಡುಕಿ ಅಂದೆ. ಅದನ್ನೂ ಹೇಳಬಾರದೇ?

ಶ್ರೀಕಂಠ

‘ಧಾಟಿ’ ಬಗ್ಗೆ ನನ್ನ ಆಕ್ಷೇಪ ಹಾಗೇ ಇದೆ.

ಲಲಿತಾ

ಇರಲಿ. ‘ಅದೇ ಧಾಟಿಯಲ್ಲಿ ಮಾತಾಡಿದ’ ಅಂದಾಗ ಮೈಸೂರಲ್ಲಿ ಯಾರೂ ದಾಳಿ ಅಂದುಕೊಳ್ಳಲ್ಲ. ಪದ ಹುಟ್ಟಿದ ಊರು ಬೇರೆ, ಬದುಕ್ತಿರೋ ಊರು ಬೇರೆ.

ಸುಮಾ

ಲಲಿತಕ್ಕ, ತುಂಬಾ ಉಪಕಾರ ಆಯ್ತು. ತಲೆಬರಹ ‘ನಮ್ಮ ದನಿ’ ಅಂತ ಇಟ್ಟೆ, ಒಳಗೆ ‘ಪುಟಕ್ಕೆ ತಕ್ಕ ಧಾಟಿ’ ಅಂತ ಒಂದು ಭಾಗ. ಗೌಡರೇ, ನೀವು ಹೇಳಿದ್ದು ನಿಜ. 11 ಪುಟ ಹಳೇ ನುಡಿಯಲ್ಲೇ ಇವೆ, ನನ್ನ ಹುಡುಕಾಟಕ್ಕೆ ಸಿಕ್ಕೇ ಇರಲಿಲ್ಲ.

ಪಟ್ಟಿ ಹಾಕುವಾಗ ಒಂದು ಕಡೆ ಸಿಕ್ಕಿಹಾಕಿಕೊಂಡೆ. ‘ಪರಿಶೀಲಿಸಿ 15 ದಿನಗಳೊಳಗೆ ಹಣವನ್ನು ಪಾವತಿಸಲಾಗುವುದು’ ಅಂತಿತ್ತು. ‘ನಾವು ಕೊಡುತ್ತೇವೆ’ ಅಂತ ಮಾಡಿ ಕಳಿಸಿದೆ. ಕಚೇರಿಯಿಂದ ಫೋನ್ ಬಂತು. ಹಣ ಕೊಡೋದು ಬ್ಯಾಂಕಂತೆ, ಸಂಘ ಬರೀ ಕಾಗದ ಕಳಿಸೋದಂತೆ. ಇಷ್ಟು ವರ್ಷ ‘ಲಾಗುವುದು’ ಹಿಂದೆ ಅದು ಅಡಗಿಕೊಂಡಿತ್ತು. ಈಗ ‘ನಿಮ್ಮ ಕಾಗದಗಳನ್ನು ನಾವು ಬ್ಯಾಂಕಿಗೆ ಕಳಿಸುತ್ತೇವೆ. ಹಣವನ್ನು ಬ್ಯಾಂಕು ನಿಮ್ಮ ಖಾತೆಗೆ ಹಾಕುತ್ತದೆ’ ಅಂತ ಬರೆದಿದ್ದೇನೆ. ಆ 15 ದಿನ ಯಾರ ಲೆಕ್ಕ ಅಂತ ಕೇಳಿದರೆ ಅಲ್ಲಿ ಯಾರಿಗೂ ಗೊತ್ತಿಲ್ಲ.

ಲಲಿತಾ

ಗೊತ್ತಾಗೋವರೆಗೆ 15 ದಿನ ಅನ್ನೋದನ್ನು ತೆಗೆದಿಡಿ. ಇದೇ ಥರ ‘ಲಾಗುವುದು’ ಇನ್ನೆಷ್ಟು ಕಡೆ ಇದೆ ಎಣಿಸಿ ಬರೆಯಿರಿ.

ಸುಮಾ

ಎಣಿಸಿದೆ ಅಕ್ಕ, 143.