ಪದಚರ್ಚೆ: ಗಡಿಯಾರದ ಮುಖದ ಮೇಲಿನ ‘ಪಲ್ಸೊಮೀಟರ್’ಗೆ ಕನ್ನಡದಲ್ಲಿ ಏನನ್ನೋಣ?

ಸುಮಾ: ಎಲ್ಲರಿಗೂ ನಮಸ್ಕಾರ. ಹಳೆಯ ಸ್ವಿಸ್ ಕೈಗಡಿಯಾರಗಳ ಪಟ್ಟಿಯೊಂದಕ್ಕೆ ಕನ್ನಡ ವಿವರಣೆ ಬರೆಯುತ್ತಿದ್ದೇನೆ. ಒಂದರ ಮುಖದ ಅಂಚಿನಲ್ಲಿ ಫ್ರೆಂಚ್‌ನಲ್ಲಿ ‘ಗ್ರಾದ್ಯುಯೆ ಪೂರ್ 30 ಪುಲ್ಸಾಸಿಯಾಂ’ ಎಂದಿದೆ. ‘ನಾಡಿಮಾಪಕ’ ಎಂದು ಬರೆದೆ, ಸಮಾಧಾನವಾಗಲಿಲ್ಲ. ಆ 30 ಏನು? ಇನ್ನೊಂದರ ಸುತ್ತ ಗುಣಾಕಾರ ಭಾಗಾಕಾರಕ್ಕೆ ಬಳಸುವ, ತಿರುಗುವ ಸ್ಲೈಡ್ ರೂಲ್ ಇದೆ. ಅದಕ್ಕೆ ‘ಜಾರುಪಟ್ಟಿ’ ಸರಿಯೇ?

ಗಿರೀಶ: ‘ನಾಡಿಮಾಪಕ’ವೇ ಸರಿ. ನನ್ನ ವಾಚಿನ ಹಿಂಬದಿಯಲ್ಲಿ ಹಸಿರು ದೀಪ ಮಿನುಗುತ್ತದೆ, ನಾಡಿ ಅದೇ ತೋರಿಸುತ್ತದೆ. 30 ಅಂದರೆ 30 ಸೆಕೆಂಡಿಗೊಮ್ಮೆ ನೋಡುತ್ತದೆ ಅಂತಿರಬೇಕು.

ವಿಶ್ವನಾಥ: ಗಿರೀಶರೇ, ಅದು ಬೇರೆ ಜಾತಿಯ ವಾಚು. ಸುಮಾ ಅವರು ಕೇಳಿದ್ದರಲ್ಲಿ ಬೆಳಕೂ ಇಲ್ಲ, ಬ್ಯಾಟರಿಯೂ ಇಲ್ಲ. ನಾಡಿ ಹಿಡಿದು ಎಣಿಸುವವರು ನಾವೇ, ಗಡಿಯಾರ ಭಾಗಾಕಾರ ಮಾಡಿಕೊಡುತ್ತದೆ ಅಷ್ಟೆ. ಆದ್ದರಿಂದಲೇ ‘ಮಾಪಕ’ ಒಗ್ಗುವುದಿಲ್ಲ.

ಆ 30 ಸೆಕೆಂಡಲ್ಲ, ಬಡಿತ. ಆ ಮಾತಿನ ಅರ್ಥ ‘30 ಬಡಿತಕ್ಕೆ ಗುರುತು ಹಾಕಿದ್ದು’ ಎಂದು. ಒಂದು ಬಡಿತ ಬೆರಳಿಗೆ ತಾಗಿದಾಗ ಸ್ಟಾಪ್‌ವಾಚ್ ಗುಂಡಿ ಒತ್ತಬೇಕು, ಮೂವತ್ತನೆಯದಕ್ಕೆ ನಿಲ್ಲಿಸಬೇಕು. ಸೆಕೆಂಡ್ ಮುಳ್ಳಿನ ತುದಿ ಎಲ್ಲಿ ನಿಂತಿತೋ ಅಲ್ಲಿರುವ ಸಂಖ್ಯೆಯೇ ನಿಮಿಷದ ನಾಡಿ. 25 ಸೆಕೆಂಡಿಗೆ ನಿಂತರೆ ಅಲ್ಲಿ 72 ಇರುತ್ತದೆ, ಏಕೆಂದರೆ 30 ಬಡಿತವನ್ನು ನಿಮಿಷದ 60 ಸೆಕೆಂಡಿನಿಂದ ಗುಣಿಸಿದರೆ 1800, ಅದನ್ನು 25ರಿಂದ ಭಾಗಿಸಿದರೆ 72.

ತಪ್ಪಾಗುವುದು ಎಣಿಕೆಯ ಶುರುವಿನಲ್ಲಿ. ಗುಂಡಿ ಒತ್ತಿದ ಬಡಿತವನ್ನು ‘ಒಂದು’ ಎಂದರೆ ಅಳೆಯುವುದು 29 ಅಂತರ ಮಾತ್ರ. ಅದನ್ನು ‘ಸೊನ್ನೆ’ ಎನ್ನಬೇಕು. ನಿಜವಾದ ನಾಡಿ 72 ಇದ್ದವರಿಗೆ ‘ಒಂದು’ ಎಂದು ಶುರುಮಾಡಿದರೆ ಮುಳ್ಳು 24 ಸೆಕೆಂಡು ದಾಟುತ್ತಲೇ ನಿಂತು ಸುಮಾರು 74.5 ತೋರಿಸುತ್ತದೆ. 15 ಬಡಿತದ ಗಡಿಯಾರದಲ್ಲಿ ಅದೇ ತಪ್ಪು 77ಕ್ಕೆ ಒಯ್ಯುತ್ತದೆ. ಮುಖದ ಮೇಲೆ 30 ಇದೆಯೋ 15 ಇದೆಯೋ ನೋಡದಿದ್ದರೆ ಉತ್ತರ ದುಪ್ಪಟ್ಟೋ ಅರ್ಧವೋ ಆಗುತ್ತದೆ. ನಾಡಿ ಏರುಪೇರಾಗಿದ್ದರೆ ಇದನ್ನು ನಂಬಬಾರದು, ನಿಮಿಷ ಪೂರ್ತಿ ಎಣಿಸುವುದೇ ಸರಿ.

ರೇಖಾ: ವೇಗ ಲೆಕ್ಕ ಹಾಕುವ ಟ್ಯಾಕಿಮೀಟರ್ ಇರುವ ವಾಚಿನಲ್ಲೂ ಇದೇ ಆಗುತ್ತದಲ್ಲ? ಎರಡೂ ಒಂದೇ.

ವಿಶ್ವನಾಥ: ಅರ್ಧ ಸರಿ, ರೇಖಾ. ಲೆಕ್ಕದ ಬಗೆ ಒಂದೇ, ಸಂಖ್ಯೆ ಬೇರೆ. ಅಲ್ಲಿ 1800ರ ಜಾಗದಲ್ಲಿ 3600 ಇರುತ್ತದೆ. ಹಾಗಾಗಿ ಅದರಲ್ಲಿ 60 ಬಡಿತ ಎಣಿಸಿದರೆ ಉತ್ತರ ಸರಿಯಾಗಿ ಬರುತ್ತದೆ. 72ರ ನಾಡಿಗೆ 50 ಸೆಕೆಂಡು ಹಿಡಿಯುತ್ತದೆ. ಅಷ್ಟು ಹೊತ್ತು ಕಾಯುವವರು ಇನ್ನು ಹತ್ತು ಸೆಕೆಂಡು ಕಾದರೆ ಗೀಟೇ ಬೇಡ.

ಇನ್ನು ಸ್ಲೈಡ್ ರೂಲ್. ಬ್ರೈಟ್ಲಿಂಗ್‌ನ ಕ್ರೊನೊಮ್ಯಾಟ್ 1940ರ ದಶಕದಲ್ಲಿ, ನ್ಯಾವಿಟೈಮರ್ 1950ರ ದಶಕದಲ್ಲಿ ಇದನ್ನು ಕೈಗೆ ಕಟ್ಟಿದವು. ಇಲ್ಲಿ ಯಾವುದೂ ಜಾರುವುದಿಲ್ಲ, ಹೊರಗಿನ ಬಳೆ ತಿರುಗುತ್ತದೆ. ಬಳೆಯ ಮೇಲಿನ ಮತ್ತು ಅದರ ಒಳಗಿನ ಎರಡು ಸಂಖ್ಯೆಗಳ ಸುತ್ತುಗಳಲ್ಲೂ 10ರಿಂದ 20ಕ್ಕೆ ಇರುವಷ್ಟೇ ಅಂತರ 20ರಿಂದ 40ಕ್ಕೂ 30ರಿಂದ 60ಕ್ಕೂ ಇದೆ. ಹೀಗಿರುವುದರಿಂದ ಒಂದು ಜೋಡಿಯನ್ನು ಎದುರುಬದುರು ತಂದರೆ ಅದೇ ಅನುಪಾತದ ಎಲ್ಲ ಜೋಡಿಗಳೂ ತಾವಾಗಿ ಎದುರಾಗುತ್ತವೆ.

ಬೆಂಗಳೂರಿನಿಂದ ಮೈಸೂರಿಗೆ 145 ಕಿಲೋಮೀಟರು, ಎರಡೂವರೆ ಗಂಟೆ ಎನ್ನಿ. ಹೊರಗಿನ 14.5ನ್ನು ಒಳಗಿನ 15ರ ಎದುರು ತನ್ನಿ. ಆ 15 ಅಂದರೆ 150 ನಿಮಿಷ. ಈಗ ಒಳಗಿನ 60ರ ಎದುರು ಹೊರಗೆ 58 ಕಾಣುತ್ತದೆ, ಗಂಟೆಗೆ 58 ಕಿಲೋಮೀಟರು. ದಶಮಾಂಶ ಬಿಂದುವನ್ನು ಅದು ಹೇಳುವುದಿಲ್ಲ. 5.8 ಅಲ್ಲ, 580 ಅಲ್ಲ ಎಂದು ನಾವೇ ಅಂದಾಜು ಮಾಡಬೇಕು. ವಾಚನ್ನು ಓರೆಯಾಗಿ ಹಿಡಿದರೆ ಗೆರೆಗಳು ಪಕ್ಕಕ್ಕೆ ಸರಿದಂತೆ ಕಾಣುತ್ತವೆ, ನೇರ ಮೇಲಿಂದಲೇ ನೋಡಿ.

ಪದಕ್ಕೆ ನನ್ನ ಮತ: ಇದು ‘ತಿರುಗುಲೆಕ್ಕದ ಬಳೆ’, ಅದು ‘ನಾಡಿಗೀರು’.

ಸುಮಾ: ‘ಬಳೆ’ ಇಷ್ಟವಾಯಿತು. ವಿವರಣೆಯಲ್ಲಿ ‘30 ಬಡಿತಕ್ಕೆ’ ಎಂದು ಹಾಕುತ್ತೇನೆ.

ಗಿರೀಶ: ನಾನು ಪ್ರಶ್ನೆಯನ್ನೇ ತಪ್ಪಾಗಿ ಓದಿದ್ದೆ, ಕ್ಷಮಿಸಿ. ಆದರೆ ‘ಗೀರು’ ಬೇಡ ಸಾರ್. ವಾಚಿನ ಬಗ್ಗೆ ‘ಮುಖದ ಮೇಲೆ ನಾಡಿಗೀರು ಇದೆ’ ಎಂದರೆ ಕೊಳ್ಳುವವರು ಗಾಜು ಗೀಚಿದೆ ಅಂದುಕೊಂಡು ಬೆಲೆ ಇಳಿಸಲು ಕೇಳುತ್ತಾರೆ.

ರೇಖಾ: ‘ನಾಡಿಪಟ್ಟಿ’?

ವಿಶ್ವನಾಥ: ಪಟ್ಟಿ ಎಂದರೆ ವಾಚಿನ ಬೆಲ್ಟು ಎಂದುಕೊಳ್ಳುತ್ತಾರೆ.